ಬಹುಕಾಲ ದುಡಿದ ನೌಕರರ ಮನೆಗೆ ಸಂಸ್ಥೆಯ ಸಂತಾಪ ಪತ್ರ: ಪದೇ ಪದೇ ಕೇಳುವ ಪ್ರಶ್ನೆಗಳು

ಶಿರಸಿಯ ಅಡಿಕೆ ವ್ಯಾಪಾರದ ಕಚೇರಿಯೊಂದರಲ್ಲಿ ಇಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲ ಪತ್ರವ್ಯವಹಾರ ನೋಡಿಕೊಂಡವನು ನಾನು. ನಮ್ಮಲ್ಲಿ ದುಡಿದವರು ತೀರಿಕೊಂಡಾಗ ಅವರ ಮನೆಗೆ ಹೋಗುವ ಪತ್ರ ನನ್ನ ಮೇಜಿನಿಂದಲೇ ಹೋಗುತ್ತಿತ್ತು. ಈಗಲೂ ಕುಮಟಾ, ಅಂಕೋಲಾ, ಕಾರವಾರ ಕಡೆಯ ಪರಿಚಿತ ಕಚೇರಿಗಳವರು ಇಂಥ ಪತ್ರ ಬರೆಯುವ ಹೊತ್ತಿಗೆ ನನಗೆ ಫೋನ್ ಮಾಡುತ್ತಾರೆ. ಅವರು ಕೇಳುವ ಪ್ರಶ್ನೆಗಳನ್ನೂ ನಾನು ಕೊಡುವ ಉತ್ತರಗಳನ್ನೂ ಇಲ್ಲಿ ಬರೆದಿದ್ದೇನೆ.

ಸುದ್ದಿ ತಿಳಿದ ದಿನವೇ ಪತ್ರ ಕಳುಹಿಸಬೇಕೇ?

ಬೇಡ. ಆ ದಿನ ಪತ್ರ ಓದುವ ಸ್ಥಿತಿಯಲ್ಲಿ ಮನೆಯಲ್ಲಿ ಯಾರೂ ಇರುವುದಿಲ್ಲ. ಸಂಸ್ಥೆಯ ಮಾಲೀಕರು ಅಥವಾ ವ್ಯವಸ್ಥಾಪಕರು ಸ್ವತಃ ಹೋಗಬೇಕು, ಜೊತೆಗೆ ಕೆಲಸ ಮಾಡಿದವರಿಗೆ ಹೋಗಿಬರಲು ರಜೆ ಕೊಡಬೇಕು. ಆ ದಿನದ ಕೆಲಸ ಅಷ್ಟೇ.

ಪತ್ರ ಸೇರಬೇಕಾದದ್ದು ಐದನೆಯ ದಿನದಿಂದ ಒಂಬತ್ತನೆಯ ದಿನದೊಳಗೆ ಎಂಬುದು ನನ್ನ ಅಭಿಪ್ರಾಯ. ಇದಕ್ಕೆ ನಮ್ಮ ಕಡೆಯ ಕ್ರಮವೇ ಕಾರಣ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಹವ್ಯಕರ ಮನೆಗಳಲ್ಲಿ ಹತ್ತು ದಿನ ಸೂತಕ, ಹನ್ನೊಂದು ಹನ್ನೆರಡನೆಯ ದಿನಗಳಲ್ಲಿ ಕ್ರಿಯೆಗಳು, ಹದಿಮೂರನೆಯ ದಿನ ವೈಕುಂಠ ಸಮಾರಾಧನೆ. ಹತ್ತನೆಯ ದಿನದಿಂದ ಮನೆಯವರಿಗೆ ಕುಳಿತುಕೊಳ್ಳಲೂ ಬಿಡುವಿರುವುದಿಲ್ಲ. ಮೊದಲ ಮೂರ್ನಾಲ್ಕು ದಿನ ಬರುವವರು, ಹೋಗುವವರು, ಅಳು. ನಡುವಿನ ಆ ನಾಲ್ಕೈದು ದಿನ ಮಾತ್ರ ಮನೆ ಮೌನವಾಗಿರುತ್ತದೆ, ಹತ್ತಿರದ ಬಂಧುಗಳು ಜಗುಲಿಯಲ್ಲಿ ಕುಳಿತಿರುತ್ತಾರೆ. ಪತ್ರವನ್ನು ಒಬ್ಬರು ಗಟ್ಟಿಯಾಗಿ ಓದಿದರೆ ಉಳಿದವರು ಕೇಳಿಸಿಕೊಳ್ಳುವುದು ಆಗಲೇ.

ಬೇರೆ ಮನೆಗಳ ಕ್ರಮ ಬೇರೆ. ಭಟ್ಕಳ, ಹೊನ್ನಾವರ ಕಡೆಯ ಮುಸ್ಲಿಂ ಕುಟುಂಬಗಳಲ್ಲಿ ಸಾಮಾನ್ಯ ಶೋಕಾಚರಣೆ ಮೂರು ದಿನ, ಪತ್ನಿಗೆ ಮಾತ್ರ ನಾಲ್ಕು ತಿಂಗಳು ಹತ್ತು ದಿನಗಳ ಇದ್ದತ್. ಆದ್ದರಿಂದ ನಾಲ್ಕನೆಯ ದಿನದ ನಂತರ ಮಗನ ಅಥವಾ ಮೈದುನನ ಕೈಯಲ್ಲಿ ಪತ್ರ ಕೊಡುವುದು ಒಳ್ಳೆಯದು. ಕ್ರೈಸ್ತರ ಮನೆಯಾದರೆ ಅಂತ್ಯಕ್ರಿಯೆ ಕಳೆದ ವಾರದೊಳಗೆ ಕೊಡಿ. ಗೊತ್ತಿಲ್ಲದಿದ್ದರೆ ಅದೇ ಸಮುದಾಯದ ಇನ್ನೊಬ್ಬ ನೌಕರನನ್ನು ಕೇಳಿ, ಸಂಕೋಚ ಬೇಡ.

ಇನ್ನೊಂದು ಮಾತು. ಅಂಚೆಗೆ ಹಾಕಬೇಡಿ. ಮಳೆಗಾಲದಲ್ಲಿ ಒಳಗಿನ ಹಳ್ಳಿಗಳಿಗೆ ಪತ್ರ ಎಂದು ಸೇರುತ್ತದೆ ಎಂದು ಹೇಳಲಾಗದು. ಅದಕ್ಕಿಂತ ಮುಖ್ಯವಾಗಿ, ಈ ಪತ್ರವನ್ನು ಒಬ್ಬ ಮನುಷ್ಯ ತಂದು ಕೊಡಬೇಕು. ತೀರಿಕೊಂಡವರ ಪಕ್ಕದಲ್ಲೇ ಕುಳಿತು ಕೆಲಸ ಮಾಡಿದವರು ಸಿಕ್ಕರೆ ಅದಕ್ಕಿಂತ ಒಳ್ಳೆಯದಿಲ್ಲ. ಕೊಟ್ಟು, ಸ್ವಲ್ಪ ಹೊತ್ತು ಕುಳಿತು, ‘ಬರುತ್ತೇನೆ’ ಎನ್ನದೆ ಎದ್ದು ಬಂದರಾಯಿತು.

ಪತ್ರ ಯಾರ ಹೆಸರಿಗೆ ಇರಬೇಕು? ‘ಕುಟುಂಬ ವರ್ಗದವರಿಗೆ’ ಎಂದರೆ ಸಾಲದೇ?

ಸಾಲದು. ‘ಕುಟುಂಬ ವರ್ಗ’ ಎಂದು ಬರೆದ ಪತ್ರ ಯಾರ ಕೈಗೂ ಸೇರಿದಂತೆ ಆಗುವುದಿಲ್ಲ. ಪತ್ನಿ ಇದ್ದರೆ ಅವರ ಹೆಸರು ಮೊದಲು, ನಂತರ ಮಕ್ಕಳ ಹೆಸರುಗಳು. ಮದುವೆಯಾಗಿ ಹೋದ ಹೆಣ್ಣುಮಕ್ಕಳ ಹೆಸರನ್ನೂ ಬಿಡಬಾರದು. ತಂದೆಯನ್ನು ಕಳೆದುಕೊಂಡವರಲ್ಲಿ ಅವರೂ ಇದ್ದಾರೆ. ತಾಯಿಯೋ ತಂದೆಯೋ ಬದುಕಿದ್ದರೆ ಪತ್ರದೊಳಗೆ ಅವರನ್ನು ನೆನೆದ ಒಂದು ವಾಕ್ಯ ಇರಲೇಬೇಕು. ಮಗನನ್ನು ಕಳೆದುಕೊಂಡ ಎಂಬತ್ತು ದಾಟಿದ ತಾಯಿ ಒಳಗಿನ ಕೋಣೆಯಲ್ಲಿ ಮಲಗಿರುವಾಗ ಪತ್ರ ಅವರನ್ನು ಮರೆತಿದ್ದರೆ ಮನೆಯವರಿಗೆ ಅದು ಕೂಡಲೇ ಕಾಣುತ್ತದೆ.

ಹೆಸರುಗಳನ್ನು ವೇತನ ಪಟ್ಟಿಯಿಂದ ತೆಗೆಯಬೇಡಿ. ಅಲ್ಲಿರುವುದು ಇಂಗ್ಲಿಷ್ ಕಾಗುಣಿತ, ಅದನ್ನು ಕನ್ನಡಕ್ಕೆ ತಂದಾಗ ಹೆಸರು ಕೆಡುತ್ತದೆ. ಮನೆಯಲ್ಲಿ ಕರೆಯುವ ಹೆಸರೇ ಬೇರೆ, ದಾಖಲೆಯ ಹೆಸರೇ ಬೇರೆ ಆಗಿರುವುದೂ ಉಂಟು. ಮದುವೆಯ ಆಮಂತ್ರಣ ಪತ್ರಿಕೆ ಯಾರಾದರೂ ಸಹೋದ್ಯೋಗಿಯ ಮನೆಯಲ್ಲಿ ಉಳಿದಿದ್ದರೆ ಅದನ್ನು ನೋಡಿ. ಮನೆಯವರು ತಮ್ಮ ಹೆಸರುಗಳನ್ನು ಹೇಗೆ ಬರೆದುಕೊಳ್ಳುತ್ತಾರೆ ಎಂಬುದಕ್ಕೆ ಅದಕ್ಕಿಂತ ನಂಬಿಕೆಯ ದಾಖಲೆ ಇಲ್ಲ.

ಪತ್ನಿಯ ಹೆಸರಿನ ಹಿಂದೆ ಏನು ಹಾಕಬೇಕು?

‘ಶ್ರೀಮತಿ’. ಬೇರೇನೂ ಬೇಡ. ನಮ್ಮ ಜಿಲ್ಲೆ 1862ರಿಂದ 1956ರವರೆಗೆ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಮರಾಠಿ ಪತ್ರಗಳ ಪದ್ಧತಿ ಇಲ್ಲಿಯ ಹಳೆಯ ಕಚೇರಿಗಳಲ್ಲಿ ಇನ್ನೂ ಉಳಿದಿದೆ. ಮುತ್ತೈದೆಗೆ ‘ಸೌ.’, ವಿಧವೆಗೆ ‘ಗಂ. ಭಾ.’ ಎಂದು ಹಾಕುತ್ತಿದ್ದುದು ಹಾಗೆ ಬಂದದ್ದು. ರೂಢಿಯ ಮೇಲೆ ‘ಸೌ.’ ಎಂದು ಟೈಪಾಗಿ ಹೋದ ಪತ್ರವನ್ನು ನಾನು ಕಣ್ಣಾರೆ ಕಂಡಿದ್ದೇನೆ. ಮೊನ್ನೆಯಷ್ಟೇ ಗಂಡನನ್ನು ಕಳೆದುಕೊಂಡವರ ಕೈಗೆ ಅದು ಹೋಯಿತು. ‘ಗಂ. ಭಾ.’ ಎಂದು ಹಾಕಿದರೆ ಹಳಬರು ಅದನ್ನು ಗೌರವ ಎಂದುಕೊಳ್ಳಬಹುದು. ಆದರೆ ಆ ಹೆಣ್ಣುಮಗಳಿಗೆ ತಾನಿನ್ನು ವಿಧವೆ ಎಂದು ಮೊದಲು ಬರೆದು ತಿಳಿಸುವುದು ಸಂಸ್ಥೆಯ ಕೆಲಸವಲ್ಲ.

ಅವರ ಬಗ್ಗೆ ಏನು ಬರೆಯಬೇಕು? ಎಲ್ಲ ಪತ್ರಗಳೂ ಒಂದೇ ತರಹ ಆಗುತ್ತವಲ್ಲ?

ಹೆಚ್ಚಾಗಿ ಕೇಳುವ ಪ್ರಶ್ನೆ ಇದು, ಕಷ್ಟದ ಕೆಲಸವೂ ಇದೇ.

ಮೂವತ್ತು ವರ್ಷ ದುಡಿದವರ ಬದುಕಿನ ದೊಡ್ಡ ಭಾಗವನ್ನು ಮನೆಯವರು ನೋಡಿಯೇ ಇರುವುದಿಲ್ಲ. ಬೆಳಿಗ್ಗೆ ಬುತ್ತಿ ಹಿಡಿದು ಹೋಗಿ ಸಂಜೆ ಬರುತ್ತಿದ್ದುದು ಗೊತ್ತು, ನಡುವಿನ ಎಂಟು ಗಂಟೆ ಅವರು ಅಲ್ಲಿ ಹೇಗಿದ್ದರು ಎಂಬುದು ಗೊತ್ತಿಲ್ಲ. ಅದು ಗೊತ್ತಿರುವುದು ಸಂಸ್ಥೆಗೆ ಮಾತ್ರ. ಆದ್ದರಿಂದ ‘ಪ್ರಾಮಾಣಿಕರು, ಶ್ರಮಜೀವಿಗಳು, ಸ್ನೇಹಶೀಲರು’ ಎಂದು ಬರೆದರೆ ಏನನ್ನೂ ಕೊಟ್ಟಂತಾಗಲಿಲ್ಲ. ಆ ಪ್ರಾಮಾಣಿಕತೆ ಯಾವ ಕೆಲಸದಲ್ಲಿ, ಹೇಗೆ ಕಾಣುತ್ತಿತ್ತು ಎಂಬ ಒಂದು ಸಂಗತಿಯನ್ನು ಬರೆದರೆ ಮನೆಯವರಿಗೆ ಅವರ ಕಾಣದ ಮುಖವೊಂದು ಸಿಗುತ್ತದೆ.

ನಾನು ಮಾಡುತ್ತಿದ್ದುದು ಹೀಗೆ. ಮೊದಲು ಸೇವಾ ಪುಸ್ತಕ ಅಥವಾ ಹಾಜರಿ ಪುಸ್ತಕ ತೆರೆದು ಸೇರಿದ ತಿಂಗಳು, ವರ್ಷ, ಮಾಡಿದ ಹುದ್ದೆಗಳನ್ನು ಗುರುತು ಹಾಕಿಕೊಳ್ಳುತ್ತಿದ್ದೆ. ಆಮೇಲೆ ಮೂವರನ್ನು ಕೇಳುತ್ತಿದ್ದೆ: ಪಕ್ಕದಲ್ಲಿ ಕೆಲಸ ಮಾಡಿದವರು ಒಬ್ಬರು, ಅವರ ಕೈಕೆಳಗೆ ಕಲಿತವರು ಒಬ್ಬರು, ಹೊರಗಿನಿಂದ ನಮ್ಮಲ್ಲಿಗೆ ಬರುತ್ತಿದ್ದವರು ಒಬ್ಬರು. ‘ಅವರು ಹೇಗಿದ್ದರು?’ ಎಂದು ಕೇಳಿದರೆ ‘ಬಹಳ ಒಳ್ಳೆಯವರು’ ಎಂಬ ಉತ್ತರವಷ್ಟೇ ಬರುತ್ತದೆ. ‘ಬೆಳಿಗ್ಗೆ ಬಂದವರೇ ಮೊದಲು ಏನು ಮಾಡುತ್ತಿದ್ದರು? ಯಾವುದಕ್ಕೆ ಸಿಟ್ಟು ಬರುತ್ತಿತ್ತು? ನಿಮಗೆ ಏನು ಕಲಿಸಿದರು?’ ಎಂದು ಕೇಳಿದರೆ ಸಂಗತಿಗಳು ಬರುತ್ತವೆ.

ನಮ್ಮ ವಖಾರಿಯಲ್ಲಿ ಮೂವತ್ತೊಂದು ವರ್ಷ ಅಡಿಕೆ ತೂಕ ನೋಡಿಕೊಂಡಿದ್ದ ಒಬ್ಬರ ವಿಷಯ ಹೇಳುತ್ತೇನೆ, ಹೆಸರು ಬೇಡ. 1993ರ ಜೂನ್‌ನಲ್ಲಿ ಸೇರಿದವರು, 2024ರ ಆಗಸ್ಟ್‌ನಲ್ಲಿ ಹೃದಯಾಘಾತದಿಂದ ತೀರಿಕೊಂಡರು. ನಾನು ಬರೆದ ಮೊದಲ ಕರಡಿನಲ್ಲಿ ‘ತೂಕದಲ್ಲಿ ಅತ್ಯಂತ ಪ್ರಾಮಾಣಿಕರಾಗಿದ್ದರು’ ಎಂದಿತ್ತು. ಅಡಿಕೆ ವ್ಯಾಪಾರದಲ್ಲಿ ತೂಕದವರ ಬಗ್ಗೆ ಹಾಗೆ ಬರೆದರೆ, ಉಳಿದವರು ಪ್ರಾಮಾಣಿಕರಲ್ಲವೇ ಎಂಬ ಪ್ರಶ್ನೆ ಏಳುತ್ತದೆ. ಅದನ್ನು ಹೊಡೆದುಹಾಕಿ ಮೂವರನ್ನು ಕೇಳಲು ಹೊರಟೆ.

ಪಕ್ಕದವರು ಹೇಳಿದ್ದು: ಹಳೆಯ ತಕ್ಕಡಿ ಹೋಗಿ ಎಲೆಕ್ಟ್ರಾನಿಕ್ ಯಂತ್ರ ಬಂದು ಬಿಲ್ ತಾನಾಗಿಯೇ ಅಚ್ಚಾಗುತ್ತಿದ್ದರೂ, ಪ್ರತಿ ಮೂಟೆಯ ತೂಕವನ್ನು ಅವರು ತಮ್ಮದೇ ಒಂದು ಉದ್ದನೆಯ ನೋಟ್‌ಬುಕ್ಕಿನಲ್ಲಿ ಪೆನ್ಸಿಲ್‌ನಿಂದ ಬರೆದುಕೊಳ್ಳುತ್ತಿದ್ದರು. ಕೈಕೆಳಗೆ ಕಲಿತ ಹುಡುಗ ಹೇಳಿದ್ದು: ರೈತರ ಮುಖದಲ್ಲಿ ಸ್ವಲ್ಪ ಅನುಮಾನ ಕಂಡರೂ, ಅವರು ಬಾಯಿ ಬಿಡುವ ಮೊದಲೇ ಮೂಟೆ ಇಳಿಸಿ, ಯಂತ್ರದಲ್ಲಿ ಸೊನ್ನೆ ತೋರಿಸಿ, ಮತ್ತೆ ತೂಗುತ್ತಿದ್ದರು. ಸಿದ್ದಾಪುರ ಕಡೆಯಿಂದ ಚಾಲಿ ತರುತ್ತಿದ್ದ ಹಿರಿಯ ರೈತರೊಬ್ಬರು ಹೇಳಿದ್ದು ಒಂದೇ ಮಾತು: ‘ಅವರಿದ್ದಾರೋ ಎಂದು ಕೇಳಿಯೇ ನಾವು ಗಾಡಿಯಿಂದ ಮೂಟೆ ಇಳಿಸುತ್ತಿದ್ದುದು.’

ಮೂರು ಸಂಗತಿಗಳೂ ಸೊಗಸಾಗಿದ್ದವು. ಮೂರನ್ನೂ ಹಾಕಿದರೆ ಪತ್ರ ಸನ್ಮಾನಪತ್ರವಾಗುತ್ತದೆ ಎಂದು ಎರಡನ್ನು ಮಾತ್ರ ಇಟ್ಟುಕೊಂಡೆ. ನೋಟ್‌ಬುಕ್ಕಿನ ಸಂಗತಿ ಬಿಟ್ಟೆ. ಏಕೆ ಎಂಬುದು ಕೊನೆಯ ಪ್ರಶ್ನೆಯಲ್ಲಿ ಬರುತ್ತದೆ.

ಪೂರ್ತಿ ಪತ್ರದ ಮಾದರಿ ಕೊಡುತ್ತೀರಾ?

ಮಾಲೀಕರ ಸಹಿಗೆಂದು ಅವರ ಮಾತಿನಲ್ಲೇ ಬರೆದ ಆ ಪತ್ರವನ್ನೇ ಹೆಸರು ತೆಗೆದು ಕೊಡುತ್ತೇನೆ. ಇದನ್ನು ನಕಲು ಮಾಡಬೇಡಿ, ಅಳತೆ ನೋಡಿಕೊಳ್ಳಿ. ಕಾಗದದ ಒಂದೇ ಬದಿಗೆ ಮುಗಿಯುವಷ್ಟಿದೆ.

ಶ್ರೀಮತಿ … ಅವರಿಗೆ, ಹಾಗೂ ಮಕ್ಕಳಾದ …, …, … ಅವರಿಗೆ,

ತಮ್ಮ ಯಜಮಾನರಾದ ಶ್ರೀ … ಅವರು ಆಗಸ್ಟ್ 11ರಂದು ನಮ್ಮೆಲ್ಲರನ್ನೂ ಅಗಲಿದ್ದು ನಮಗೆ ಇನ್ನೂ ನಂಬಲಾಗದ ಸಂಗತಿಯಾಗಿದೆ. ಸಂಸ್ಥೆಯ ಪರವಾಗಿಯೂ ವೈಯಕ್ತಿಕವಾಗಿಯೂ ತಮ್ಮ ದುಃಖದಲ್ಲಿ ಭಾಗಿಯಾಗಿ ಈ ಪತ್ರ ಬರೆಯುತ್ತಿದ್ದೇನೆ.

ಅವರು 1993ರ ಜೂನ್‌ನಲ್ಲಿ ನಮ್ಮ ತಂದೆಯವರ ಕಾಲದಲ್ಲಿ ವಖಾರಿಗೆ ಸೇರಿದರು. ನಾನು ವ್ಯವಹಾರಕ್ಕೆ ಬಂದಾಗ ಅಡಿಕೆಯ ಮೂಟೆಯನ್ನು ಹೇಗೆ ನೋಡಬೇಕು ಎಂದು ನನಗೆ ಕಲಿಸಿದವರಲ್ಲಿ ಅವರೂ ಒಬ್ಬರು. ರೈತರಿಗೆ ತೂಕದಲ್ಲಿ ಸಂದೇಹ ಬಂದೀತು ಎನ್ನಿಸಿದರೆ ಅವರು ಕೇಳುವ ಮೊದಲೇ ಮೂಟೆ ಇಳಿಸಿ ಮತ್ತೊಮ್ಮೆ ತೂಗುತ್ತಿದ್ದರು. ‘ಅವರಿದ್ದಾರೋ’ ಎಂದು ಕೇಳಿಯೇ ಮೂಟೆ ಇಳಿಸುತ್ತಿದ್ದ ರೈತರು ಬಹಳ ಮಂದಿ. ಅವರು ತೀರಿಕೊಂಡ ಮರುದಿನವೂ ಒಬ್ಬರು ಬಂದು ಹಾಗೆಯೇ ಕೇಳಿದರು. ಉತ್ತರ ಹೇಳುವುದು ನಮಗೆ ಕಷ್ಟವಾಯಿತು.

ಮಗನನ್ನು ಕಳೆದುಕೊಂಡ ಹಿರಿಯ ತಾಯಿಯವರಿಗೆ ನಮ್ಮ ನಮಸ್ಕಾರಗಳನ್ನು ತಿಳಿಸಬೇಕಾಗಿ ಕೋರುತ್ತೇನೆ. ಈ ದುಃಖವನ್ನು ಮಾತಿನಿಂದ ಕಡಿಮೆ ಮಾಡಲು ಸಾಧ್ಯವಿಲ್ಲ ಎಂಬುದು ಗೊತ್ತಿದೆ. ತಮ್ಮ ಜೊತೆ ನಾವಿದ್ದೇವೆ.

ಅವರಿಗೆ ಸಂಸ್ಥೆಯಿಂದ ಸಲ್ಲಬೇಕಾದುದರ ವಿವರವನ್ನು ಸಮಾರಾಧನೆ ಮುಗಿದ ಬಳಿಕ ನಮ್ಮ ಲೆಕ್ಕದ ವಿಭಾಗದ ಶ್ರೀ … ಅವರು ಮನೆಗೇ ಬಂದು ತಿಳಿಸುತ್ತಾರೆ. ಅದಕ್ಕಾಗಿ ತಾವು ಯಾರೂ ಕಚೇರಿಗೆ ಬರಬೇಕಾಗಿಲ್ಲ.

ತಮ್ಮ ದುಃಖದಲ್ಲಿ ಸಹಭಾಗಿ,
(ಸಹಿ)

ಪತ್ರದಲ್ಲಿ ಜನರ ನೆನಪಿನಲ್ಲಿ ಉಳಿದದ್ದು ಮರುದಿನ ಬಂದ ರೈತರ ಸಂಗತಿ. ಅದನ್ನು ನಾನು ಕಟ್ಟಿದ್ದಲ್ಲ. ಅಂದು ಬೆಳಿಗ್ಗೆ ನಡೆದದ್ದನ್ನು ನಡೆದ ಹಾಗೆ ಬರೆದೆ. ಅಂಥದ್ದು ಏನೂ ನಡೆದಿರದಿದ್ದರೆ ಕಟ್ಟಬಾರದು. ಮನೆಯವರು ಮುಂದೊಂದು ದಿನ ಸಹೋದ್ಯೋಗಿಗಳ ಹತ್ತಿರ ಅದನ್ನು ಪ್ರಸ್ತಾಪಿಸಿಯೇ ಪ್ರಸ್ತಾಪಿಸುತ್ತಾರೆ. ಆಗ ‘ಹಾಗೇನೂ ಆಗಿರಲಿಲ್ಲವಲ್ಲ’ ಎಂಬ ಉತ್ತರ ಬಂದರೆ ಪತ್ರವೆಲ್ಲ ಸುಳ್ಳಾಗುತ್ತದೆ.

‘ತುಂಬಲಾರದ ನಷ್ಟ’, ‘ಆತ್ಮಕ್ಕೆ ಚಿರಶಾಂತಿ’ ಮುಂತಾದ ಮಾತುಗಳನ್ನು ಬಳಸಬಾರದೇ?

ಒಂದು ಬಳಸಬಹುದು. ಮೂರು ಬಳಸಿದರೆ ಪತ್ರಿಕೆಯ ಶ್ರದ್ಧಾಂಜಲಿ ಜಾಹೀರಾತಿನ ಹಾಗೆ ಕಾಣುತ್ತದೆ. ‘ದುಃಖ ಭರಿಸುವ ಶಕ್ತಿಯನ್ನು ಭಗವಂತ ಕರುಣಿಸಲಿ’ ಎಂಬುದು ಹಳೆಯ ಮಾತಾದರೂ ನಂಬುವ ಮನೆಯವರಿಗೆ ಅದು ಖಾಲಿ ಮಾತಲ್ಲ, ನಾನು ಅದನ್ನು ಅನೇಕ ಬಾರಿ ಬರೆದಿದ್ದೇನೆ. ಆದರೆ ‘ಸಂಸ್ಥೆಗೆ ತುಂಬಲಾರದ ನಷ್ಟ’ ಎಂಬುದನ್ನು ನಾನು ಬಿಡಿಸುತ್ತೇನೆ. ಗಂಡನನ್ನು ಕಳೆದುಕೊಂಡವರಿಗೆ ಸಂಸ್ಥೆ ತನ್ನ ನಷ್ಟದ ಲೆಕ್ಕ ಹೇಳಬಾರದು. ಮುಂದಿನ ತಿಂಗಳು ಆ ಜಾಗಕ್ಕೆ ಇನ್ನೊಬ್ಬರು ಬಂದಿರುತ್ತಾರೆ ಎಂಬುದು ಅವರಿಗೂ ಗೊತ್ತು.

ಮರಣವನ್ನು ಹೇಳುವ ಪದದಲ್ಲಿ ಎಚ್ಚರ ಬೇಕು. ‘ವೈಕುಂಠವಾಸಿ’, ‘ಶಿವೈಕ್ಯ’, ‘ಲಿಂಗೈಕ್ಯ’, ‘ಸ್ವರ್ಗಸ್ಥ’ ಇವೆಲ್ಲ ಒಂದೊಂದು ನಂಬಿಕೆಗೆ ಸೇರಿದ ಮಾತುಗಳು. ಮನೆಯವರೇ ಬಳಸಿದ್ದರೆ ಬಳಸಿ, ಇಲ್ಲವಾದರೆ ‘ಅಗಲಿದರು’ ಅಥವಾ ‘ನಿಧನರಾದರು’ ಎಲ್ಲ ಮನೆಗೂ ಸಲ್ಲುತ್ತದೆ. ‘ಮೃತರು’, ‘ಮೃತ ನೌಕರ’ ಎಂಬುವು ಅರ್ಜಿಯ ಭಾಷೆ. ಸಂತಾಪ ಪತ್ರದಲ್ಲಿ ಅವು ಕಲ್ಲಿನ ಹಾಗೆ ತಾಗುತ್ತವೆ.

ಗ್ರಾಚ್ಯುಟಿ, ಪಿಎಫ್ ವಿಷಯವನ್ನು ಅದೇ ಪತ್ರದಲ್ಲಿ ಬರೆದರೆ ಅನುಕೂಲವಲ್ಲವೇ?

ಅನುಕೂಲ ಕಚೇರಿಗೆ, ಮನೆಗಲ್ಲ. ಸಂತಾಪ ಪತ್ರವನ್ನು ದೇವರ ಕೋಣೆಯ ಪಕ್ಕದ ಕಪಾಟಿನಲ್ಲಿ ಇಟ್ಟುಕೊಳ್ಳುತ್ತಾರೆ, ಹಣದ ಪತ್ರ ಬ್ಯಾಂಕಿನ ಪಾಸ್‌ಬುಕ್ಕಿನ ಜೊತೆ ಹೋಗುತ್ತದೆ. ಎರಡೂ ಒಂದೇ ಕಾಗದದಲ್ಲಿರಬಾರದು. ಮೇಲಿನ ಮಾದರಿಯ ಹಾಗೆ ಯಾರು, ಯಾವಾಗ ಬಂದು ವಿವರಿಸುತ್ತಾರೆ ಎಂಬ ಒಂದು ವಾಕ್ಯ ಸಾಕು. ಅದಿಲ್ಲದಿದ್ದರೆ ಮನೆಯವರು ರಾತ್ರಿಯೆಲ್ಲ ಆ ಚಿಂತೆಯಲ್ಲಿ ಇರುತ್ತಾರೆ, ಕೇಳಲು ಸಂಕೋಚಪಡುತ್ತಾರೆ.

ಎರಡನೆಯ ಪತ್ರದಲ್ಲಿ ಎಲ್ಲವೂ ಅಂಕಿಯಲ್ಲಿ ಸ್ಪಷ್ಟವಾಗಿರಲಿ. ತೂಕದವರ ವಿಷಯದಲ್ಲಿ ಗ್ರಾಚ್ಯುಟಿಯ ಲೆಕ್ಕಕ್ಕೆ ಬರುವ ಕೊನೆಯ ತಿಂಗಳ ವೇತನ 18,200 ರೂಪಾಯಿ. ಅದನ್ನು 26ರಿಂದ ಭಾಗಿಸಿದರೆ ದಿನಕ್ಕೆ 700. ವರ್ಷಕ್ಕೆ 15 ದಿನದಂತೆ 10,500. ಸೇವೆ 31 ವರ್ಷ ಎರಡು ತಿಂಗಳು. ಆರು ತಿಂಗಳಿಗಿಂತ ಹೆಚ್ಚು ಉಳಿದಿದ್ದರೆ ಇನ್ನೊಂದು ವರ್ಷ ಸೇರುತ್ತಿತ್ತು, ಇಲ್ಲಿ ಸೇರುವುದಿಲ್ಲ. ಒಟ್ಟು 3,25,500 ರೂಪಾಯಿ. ಈ ಲೆಕ್ಕವನ್ನು ಹೀಗೆಯೇ ಬಿಡಿಸಿ ಬರೆದೆವು, ಮಗಳು ಕುಳಿತು ತಾನೇ ಕೂಡಿ ನೋಡುವ ಹಾಗೆ. ಕಡಿಮೆ ವರ್ಷ ದುಡಿದವರ ಮನೆಯವರಿಗೂ ಒಂದು ಮಾತು ಹೇಳಬೇಕು: ಗ್ರಾಚ್ಯುಟಿಗೆ ಐದು ವರ್ಷ ತುಂಬಿರಬೇಕೆಂಬ ನಿಯಮ ಮರಣದ ಸಂದರ್ಭದಲ್ಲಿ ಅನ್ವಯಿಸುವುದಿಲ್ಲ. ಹಣ ಸಲ್ಲಬೇಕಾದುದು ಮೂವತ್ತು ದಿನದೊಳಗೆ.

ಪಿಎಫ್ ಇದ್ದ ನೌಕರರಿಗೆ ಭವಿಷ್ಯನಿಧಿಯ ಹಣ, ಪತ್ನಿಗೆ ಪಿಂಚಣಿ, ಜೊತೆಗೆ ಠೇವಣಿ ಆಧಾರಿತ ವಿಮೆ ಮೂರೂ ಇರುತ್ತವೆ. ವಿಮೆಯ ಮೇಲ್ಮಿತಿ 7 ಲಕ್ಷ ರೂಪಾಯಿ. ಅನೇಕ ಮನೆಗಳಿಗೆ ಇಂಥ ವಿಮೆ ಇದೆಯೆಂಬುದೇ ಗೊತ್ತಿರುವುದಿಲ್ಲ, ಏಕೆಂದರೆ ಅದರ ಕಂತನ್ನು ನೌಕರರ ಸಂಬಳದಿಂದ ಮುರಿಯುವುದಿಲ್ಲ, ಸಂಸ್ಥೆಯೇ ಕಟ್ಟುತ್ತದೆ. ಯಾವ ಅರ್ಜಿಗೂ ಮರಣ ಪ್ರಮಾಣಪತ್ರ ಬೇಕು. ಮರಣವನ್ನು 21 ದಿನದೊಳಗೆ ನೋಂದಾಯಿಸಿದರೆ ತೊಡಕಿಲ್ಲ, ಆಮೇಲೆ ಓಡಾಟ ಹೆಚ್ಚು. ಇದನ್ನು ಪತ್ರದಲ್ಲಿ ಬರೆಯದೆ ಮನೆಗೆ ಹೋದವರು ಬಾಯಿಮಾತಿನಲ್ಲಿ ಹಿರಿಯ ಮಗನಿಗೋ ಅಳಿಯನಿಗೋ ಹೇಳಲಿ.

ಭಾಷೆಯ ಒಂದು ತಪ್ಪನ್ನು ಮಾತ್ರ ಎಂದೂ ಮಾಡಬೇಡಿ. ‘ಸಂಸ್ಥೆಯು ಔದಾರ್ಯದಿಂದ ಗ್ರಾಚ್ಯುಟಿ ನೀಡಲು ಒಪ್ಪಿದೆ’ ಎಂಬ ವಾಕ್ಯವನ್ನು ಒಂದು ಕಚೇರಿಯ ಕರಡಿನಲ್ಲಿ ಓದಿ ನನಗೆ ಬಹಳ ನೋವಾಯಿತು. ಅದು ಅವರು ದುಡಿದ ಹಣ, ಕಾನೂನು ಕೊಡಿಸುವ ಹಣ. ‘ಸಲ್ಲಬೇಕಾದದ್ದು’ ಎಂಬ ಪದ ನಮ್ಮಲ್ಲೇ ಇದೆ, ಅದನ್ನು ಬಳಸಿ. ಸಂಸ್ಥೆ ತನ್ನ ಕೈಯಿಂದ ಹೆಚ್ಚಿಗೆ ಏನಾದರೂ ಕೊಡುವುದಿದ್ದರೆ ಅದನ್ನು ಬೇರೆ ಸಾಲಿನಲ್ಲಿ, ಬೇರೆ ಅಂಕಿಯಲ್ಲಿ ತೋರಿಸಿ.

ಮಗನಿಗೆ ಕೆಲಸ ಕೊಡುವ ಮಾತನ್ನು ಬರೆಯಬಹುದೇ?

ಆಡಳಿತ ತೀರ್ಮಾನಿಸಿ ಮುಗಿದಿದ್ದರೆ ಮಾತ್ರ, ಅದೂ ಎರಡನೆಯ ಪತ್ರದಲ್ಲಿ. ‘ಮಕ್ಕಳ ಭವಿಷ್ಯದ ಹೊಣೆ ನಮ್ಮದು’ ಎಂಬ ವಾಕ್ಯ ಬರೆಯುವಾಗ ಬಾಯಿ ತುಂಬುತ್ತದೆ. ಆರು ತಿಂಗಳ ನಂತರ ಆ ಹುಡುಗ ಅದೇ ಪತ್ರ ಹಿಡಿದು ಕಚೇರಿಯ ಬೆಂಚಿನ ಮೇಲೆ ಕುಳಿತಿದ್ದಾಗ ಅದರ ಬೆಲೆ ಗೊತ್ತಾಗುತ್ತದೆ.

ಕೆಲಸದ ವೇಳೆಯಲ್ಲೇ ಅವಘಡದಿಂದ ತೀರಿಕೊಂಡಿದ್ದರೆ?

ಪತ್ರ ಬರೆಯಲೇಬೇಕು, ಹಿಂಜರಿಯಬಾರದು. ಬಂದರಿನ ಬಳಿಯ ಮಂಜುಗಡ್ಡೆ ಕಾರ್ಖಾನೆಯೊಂದರವರು ಇಂಥ ಸಂದರ್ಭದಲ್ಲಿ ‘ವಕೀಲರು ಏನನ್ನೂ ಬರೆಯಬೇಡಿ ಎಂದಿದ್ದಾರೆ’ ಎಂದು ನನಗೆ ಹೇಳಿದರು. ಬರೆಯದೆ ಉಳಿದರೆ ಸಂಸ್ಥೆ ಮುಖ ತಿರುಗಿಸಿತು ಎಂದೇ ಊರು ತಿಳಿಯುತ್ತದೆ. ಅವಘಡ ಹೇಗಾಯಿತು, ಯಾರ ತಪ್ಪು ಎಂಬುದನ್ನು ಪತ್ರದಲ್ಲಿ ಚರ್ಚಿಸಬೇಡಿ, ಅದಕ್ಕೆ ತನಿಖೆ ಇದೆ, ನೌಕರರ ಪರಿಹಾರದ ಕಾನೂನು ಇದೆ. ಆದರೆ ‘ಕೆಲಸದ ವೇಳೆಯಲ್ಲಿ, ನಮ್ಮ ಆವರಣದಲ್ಲೇ ಅವರನ್ನು ಕಳೆದುಕೊಂಡೆವು’ ಎಂಬ ನಿಜವನ್ನು ಮರೆಮಾಚಬೇಡಿ. ‘ದುರದೃಷ್ಟವಶಾತ್ ಅವರ ಅಜಾಗರೂಕತೆಯಿಂದ’ ಎಂಬ ಒಂದು ಪದ ನುಸುಳಿದರೂ ಆ ಪತ್ರವನ್ನು ಕಳುಹಿಸದಿರುವುದೇ ಮೇಲು. ಆತ್ಮಹತ್ಯೆಯಾಗಿದ್ದರೆ ಮರಣದ ಕಾರಣದ ಸುದ್ದಿಯನ್ನೇ ಎತ್ತಬೇಡಿ.

ಕಾರವಾರ ಕಡೆಯ ಮನೆಯಲ್ಲಿ ಕೊಂಕಣಿ ಮಾತನಾಡುತ್ತಾರೆ. ಪತ್ರ ಯಾವ ಭಾಷೆಯಲ್ಲಿರಬೇಕು?

ಕನ್ನಡದಲ್ಲಿ ಇರಲಿ, ಆದರೆ ಕಿವಿಗೆ ಬರೆಯಿರಿ. ಇಂಥ ಮನೆಯಲ್ಲಿ ಮೊಮ್ಮಗಳು ಕನ್ನಡದಲ್ಲಿ ಓದುತ್ತಾಳೆ, ಅಜ್ಜಿಗೆ ಅಲ್ಲಲ್ಲೇ ಕೊಂಕಣಿಯಲ್ಲಿ ಹೇಳುತ್ತಾಳೆ. ಉದ್ದದ ಸಮಾಸಗಳಿದ್ದರೆ ಆ ಹುಡುಗಿ ನಿಂತುಬಿಡುತ್ತಾಳೆ. ‘ಅನುಪಮ ಸೇವಾನಿಷ್ಠೆಯ’ ಬದಲು ‘ಒಂದು ದಿನವೂ ತಡವಾಗಿ ಬಂದವರಲ್ಲ’ ಎಂದು ಬರೆದರೆ ಯಾವ ಭಾಷೆಗೂ ಸರಾಗವಾಗಿ ದಾಟುತ್ತದೆ. ಇಂಗ್ಲಿಷ್‌ನಲ್ಲಿ ಮಾತ್ರ ಬರೆದರೆ ಅದು ಮುಖ್ಯ ಕಚೇರಿಯ ಕಡತಕ್ಕೆ ಬರೆದ ಪತ್ರ ಎಂದು ಮನೆಯವರಿಗೆ ತಿಳಿಯದೆ ಇರುವುದಿಲ್ಲ.

ಸಹಿ ಯಾರದು? ಲೆಟರ್‌ಹೆಡ್ ಬಳಸಬಹುದೇ?

ಮನೆಯವರಿಗೆ ಹೆಸರು ಗೊತ್ತಿರುವ ಅತ್ಯಂತ ಹಿರಿಯರದು, ಪೆನ್ನಿನಲ್ಲಿ ಮಾಡಿದ ಸಹಿ. ರಬ್ಬರ್ ಮೊಹರು ಬೇಡ. ಲೆಟರ್‌ಹೆಡ್ ಬಳಸಬಹುದು. ಮೇಲೆ ‘ಶ್ರೀ ಮಾರಿಕಾಂಬಾ ಪ್ರಸನ್ನ’ ಎಂದು ಅಚ್ಚಾಗಿದ್ದರೆ ಅದರಿಂದ ತೊಂದರೆಯಿಲ್ಲ, ‘ಶುಭ ಲಾಭ’ ಎಂದಿದ್ದರೆ ಬಿಳಿಯ ಕಾಗದವನ್ನೇ ತೆಗೆದುಕೊಳ್ಳಿ. ಜಾಹೀರಾತಿನ ಸಾಲು, ರಜತ ವರ್ಷದ ಲಾಂಛನ ಇವೂ ಬೇಡ.

ಹಿಂದಿನ ಪತ್ರದ ಕಡತ ಇದೆ, ಹೆಸರು ಬದಲಿಸಿದರೆ ಆಗದೇ?

ನಾನೂ ಒಮ್ಮೆ ಹಾಗೆ ಮಾಡಿದೆ. ಮಾರ್ಚ್ ತಿಂಗಳು, ವಖಾರಿಯ ತುಂಬ ಮಾಲು, ಹೊತ್ತಿರಲಿಲ್ಲ. ಹಳೆಯ ಪತ್ರ ತೆರೆದು ಹೆಸರು, ದಿನಾಂಕ ಬದಲಿಸಿದೆ. ಮೂರನೆಯ ವಾಕ್ಯದಲ್ಲಿ ‘ತಮ್ಮ ಪುತ್ರರು’ ಎಂದಿದ್ದುದು ಹಾಗೆಯೇ ಉಳಿಯಿತು. ಆ ಮನೆಯಲ್ಲಿ ಮಕ್ಕಳೇ ಇರಲಿಲ್ಲ. ನಾನು ಹೋಗಿ ಕ್ಷಮೆ ಕೇಳಿದಾಗ ಆ ತಾಯಿ ‘ಇರಲಿ ಬಿಡಿ, ನೀವು ಬಂದಿರಲ್ಲ’ ಎಂದರು. ಆ ದಿನದಿಂದ ನಾನು ಖಾಲಿ ಹಾಳೆಯಿಂದಲೇ ಶುರುಮಾಡುತ್ತೇನೆ. ಕಳುಹಿಸುವ ಮೊದಲು ಆ ಮನೆಗೆ ಹೋಗಿಬರುವ ಸಹೋದ್ಯೋಗಿಯೊಬ್ಬರಿಂದ ಗಟ್ಟಿಯಾಗಿ ಓದಿಸುತ್ತೇನೆ. ಹೆಸರು, ಸಂಬಂಧ, ವರ್ಷ ತಪ್ಪಿದ್ದರೆ ಅವರ ನಾಲಗೆ ಅಲ್ಲಿ ತಡೆಯುತ್ತದೆ.

ಅವರ ಬಳಿ ಕಚೇರಿಯ ಕೀಲಿ, ಮುಂಗಡ ಹಣ ಉಳಿದಿದೆ. ಎಲ್ಲಿ ಕೇಳಬೇಕು?

ಸಂತಾಪ ಪತ್ರದಲ್ಲಿ ಅಲ್ಲ, ಆ ಹದಿಮೂರು ದಿನಗಳಲ್ಲಿ ಬಾಯಿಮಾತಿನಲ್ಲೂ ಅಲ್ಲ. ಕಪಾಟಿಗೆ ಬೇರೆ ಕೀಲಿ ಮಾಡಿಸಿಕೊಳ್ಳಿ. ಮುಂಗಡದ ವಿಷಯ ಎರಡನೆಯ ಪತ್ರದ ಲೆಕ್ಕದಲ್ಲಿ ಬರಲಿ.

ಅವರ ಸ್ವಂತ ವಸ್ತುಗಳು ಕಚೇರಿಯಲ್ಲಿವೆ. ಪತ್ರದ ಜೊತೆ ಕೊಡಬಹುದೇ?

ಜೊತೆಗೇ ಬೇಡ. ಪತ್ರ ಕೊಟ್ಟ ದಿನ ಚೀಲವೂ ಬಂದರೆ, ಕಚೇರಿ ಅವರ ಜಾಗ ಖಾಲಿ ಮಾಡಿತು ಎನ್ನಿಸುತ್ತದೆ. ಸಮಾರಾಧನೆ ಕಳೆದು ಲೆಕ್ಕದವರು ಹೋಗುವಾಗ ಒಯ್ಯಲಿ. ಪಟ್ಟಿ ಮಾಡಿ, ಒರೆಸಿ, ಬಟ್ಟೆಯ ಚೀಲದಲ್ಲಿ ಹಾಕಿ ಕೊಡಿ. ಪ್ಲಾಸ್ಟಿಕ್ ಚೀಲ ಬೇಡ.

ತೂಕದವರ ಕಪಾಟಿನಲ್ಲಿ ಇದ್ದದ್ದು ಓದುವ ಕನ್ನಡಕ, ಸ್ಟೀಲಿನ ಬುತ್ತಿ ಡಬ್ಬಿ, ಒಂದು ಅಡಕತ್ತರಿ, ಕಪ್ಪು ಕೊಡೆ, ಮತ್ತೆ ಆ ಉದ್ದನೆಯ ನೋಟ್‌ಬುಕ್ಕುಗಳು, ಹನ್ನೊಂದು. ಅವು ಸಂಸ್ಥೆಯ ಲೆಕ್ಕವೋ ಅವರ ಸ್ವಂತದ್ದೋ ಎಂಬ ಪ್ರಶ್ನೆ ಎದ್ದಿತು. ಅದು ತೀರ್ಮಾನವಾಗದೆ ಪತ್ರದಲ್ಲಿ ಅವುಗಳ ಮಾತೆತ್ತಿದರೆ ಮನೆಯವರು ಕೇಳುವುದು ಸಹಜ, ಕೊಡಲಾಗದಿದ್ದರೆ ನೋವು. ಅದಕ್ಕಾಗಿಯೇ ಪತ್ರದಲ್ಲಿ ಆ ಸಂಗತಿ ಬಿಟ್ಟಿದ್ದೆ. ರೈತರ ಹೆಸರು, ತೂಕಗಳಿದ್ದ ಕಾರಣ ಹತ್ತನ್ನು ಕಚೇರಿಯಲ್ಲೇ ಇಟ್ಟುಕೊಳ್ಳಬೇಕೆಂದು ಮಾಲೀಕರು ಹೇಳಿದರು. ಹನ್ನೊಂದನೆಯದರಲ್ಲಿ ಮೊದಲ ನಾಲ್ಕು ಪುಟ ಮಾತ್ರ ಬರೆದಿತ್ತು. ಆ ಪುಟಗಳ ಛಾಯಾಪ್ರತಿ ನಮ್ಮಲ್ಲಿ ಇಟ್ಟುಕೊಂಡು, ಪೆನ್ಸಿಲ್ ಸಿಕ್ಕಿಸಿದ್ದ ಹಾಗೆಯೇ, ಅದನ್ನು ಮಗಳ ಕೈಗೆ ಕೊಟ್ಟು ಬಂದೆವು.